ನಾಲ್ಕು ಬಾಯಿಯ ಒಂದು ಚೀನೀ ವಾಕ್ಯ

ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಹೊನ್ನಪ್ಪನ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆ. ಅಲ್ಲಿಗೆ ಚೀನಾದಿಂದ ಹೊಸ ಯಂತ್ರ ಬಂದು ಎರಡು ತಿಂಗಳಾಗಿತ್ತು. ಅದನ್ನು ಓಡಿಸಿ ತೋರಿಸಬೇಕಾದ ಎಂಜಿನಿಯರಿಗೆ ವೀಸಾ ಸಿಕ್ಕಿರಲಿಲ್ಲ. ಯಂತ್ರ ನೀಲಿ ಟಾರ್ಪಾಲು ಹೊದ್ದು ಮಲಗಿತ್ತು. ಹೆಂಗಸರು ದಿನಾ ಅದಕ್ಕೊಂದು ಊದುಬತ್ತಿ ಹಚ್ಚಿ, ಹಳೆಯ ತೊಟ್ಟಿಗಳ ಬಿಸಿನೀರಿಗೆ ಕೈಹಾಕಿ ಗೂಡಿನ ಎಳೆ ಹುಡುಕುತ್ತಿದ್ದರು.

ಕೊನೆಗೂ ವೀಸಾ ಬಂತು. ಹೊನ್ನಪ್ಪ ಎಲ್ಲರನ್ನೂ ಕರೆದು ನಿಲ್ಲಿಸಿದ.

"ಲಿನ್ ಅಂತ ಎಂಜಿನಿಯರ್ರು. ಸೋಮವಾರ ಬತ್ತಾವ್ರೆ. ಅವ್ರ ಭಾಸೆಲಿ ಒಂದೇ ಒಂದು ಮಾತು ನೆಟ್ಟಗೆ ಆಡೋರ್ಗೆ ಹೊಸ ಮಿಶನ್ನು. ಮಿಕ್ಕೋರ್ಗೆ ಹಳೇ ತೊಟ್ಟಿನೇ."

ಅರ್ಪಿತ ತನ್ನ ಬೆರಳು ನೋಡಿಕೊಂಡಳು. ಎಂಟನೇ ಕ್ಲಾಸು ಬಿಟ್ಟು ತೊಟ್ಟಿಗೆ ಕೂತವಳು. ಒಂಬತ್ತು ವರ್ಷದಲ್ಲಿ ಬೆರಳ ತುದಿಯ ಗೆರೆಗಳು ಬೆಂದು ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಅವಳನ್ನು ಮನುಷ್ಯಳೆಂದು ಒಪ್ಪುತ್ತಿರಲಿಲ್ಲ. ಹೊಸ ಯಂತ್ರದ ಮುಂದೆ ಬಿಸಿನೀರಿಗೆ ಕೈಹಾಕುವ ಕೆಲಸವಿಲ್ಲ. ಆ ಜಾಗ ಅವಳಿಗೆ ಬೇಕಿತ್ತು. ಬೇಕೆಂದು ಬಾಯಿಬಿಟ್ಟು ಹೇಳುವ ಹುಡುಗಿಯಲ್ಲ, ಅಷ್ಟೆ.

ಕಲಿಸುವುದಕ್ಕೆ ಹೊನ್ನಪ್ಪನ ತಮ್ಮನ ಮಗಳು ಶ್ವೇತ ಹೊಸಹೊಳಲಿನಿಂದ ಬಂದಳು. ಚೀನಾದಲ್ಲಿ ಡಾಕ್ಟರಿಕೆ ಓದಿ ಬಂದು, ಇಲ್ಲಿನ ಪರೀಕ್ಷೆಗೆ ಓದುತ್ತಿದ್ದವಳು. ಗೂಡಿನ ಪೆಟ್ಟಿಗೆಯ ರಟ್ಟು ಹರಿದು, ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಎಳೆದಳು. ಮೊದಲನೆಯದು ಮೇಲೆ ಅಡ್ಡಗೆರೆ. ಎರಡನೆಯದು ಮೇಲೇರುವ ಗೆರೆ. ಮೂರನೆಯದು ಹಳ್ಳದಂತೆ ಇಳಿದು ಏಳುವ ಗೆರೆ. ನಾಲ್ಕನೆಯದು ಮೇಲಿಂದ ಕೆಳಕ್ಕೆ ಬೀಳುವ ಗೆರೆ.

"ನಾವು ಗದರುವಾಗ ದನಿ ಮೇಲಿಂದ ಕೆಡವ್ತೀವಿ, ಕೇಳುವಾಗ ಏರಿಸ್ತೀವಿ. ಅವರಲ್ಲಿ ಏರಿಳಿತ ಪದದ ಒಳಗೇ ಇರುತ್ತೆ, ಈ ನಾಲ್ಕು ಸ್ವರ. 'ಮಾಯ್' ಅಂತ ತಗ್ಗಿಸಿ ಅಂದ್ರೆ ಕೊಳ್ಳೋದು. ಅದೇ 'ಮಾಯ್' ಮೇಲಿಂದ ಕೆಡವಿದ್ರೆ ಮಾರೋದು."

"ಅಂಗಾರೆ ಸಂತೇಲಿ ಏನ್ ಗತಿನವ್ವ ಅವ್ರದ್ದು?" ಎಂದಳು ದೊಡ್ಡತಾಯಮ್ಮ. ಎಲ್ಲರಿಗಿಂತ ಹಿರಿಯಳು, ಮೂವತ್ತು ವರ್ಷ ತೊಟ್ಟಿಗಳ ಸದ್ದಿನ ಮೇಲೆ ಕೂಗಿದವಳು; ದೇವರನ್ನು ಬೇಡಿಕೊಂಡರೂ ಬೈದಂತೆ ಕೇಳುತ್ತಿತ್ತು.

ಅವರು ಕಲಿಯಲೆಂದು ಶ್ವೇತ ಒಂದು ವಾಕ್ಯ ಬರೆದಳು: *ಥಾ ಲಾಯ್ ಮಾಯ್ ತ್ಸಾಯ್*. ಅವನು ತರಕಾರಿ ಕೊಳ್ಳೋಕೆ ಬರ್ತಾನೆ.

"ಯಾರು?" ಎಂದ ಹೊನ್ನಪ್ಪ.

"ಯಾರೂ ಅಲ್ಲ ದೊಡ್ಡಪ್ಪ. ನಾಲ್ಕು ಸ್ವರಾನೂ ಸಾಲಾಗಿ ಬರ್ತವೆ, ಅದಕ್ಕೆ. 'ಥಾ' ಎತ್ತರದಲ್ಲಿ, ತಿರುಗಣೆಗೆ ಬಿಗಿದ ಎಳೆ ಥರ ಅಲುಗಬಾರದು. 'ಲಾಯ್' ಅನ್ನೋದು 'ಆ?' ಅಂತ ಕೇಳಿದಂಗೆ ಏರಬೇಕು. 'ಮಾಯ್' ಒಂದೇ ಇದ್ರೆ ಇಳಿದು ಮತ್ತೆ ಏಳುತ್ತೆ. ಇಲ್ಲಿ ಮುಂದೆ ಇನ್ನೊಂದು ಪದ ಇದೆಯಲ್ಲ, ಕೆಳಗೇ ಕೂತಿರಲಿ. 'ತ್ಸಾಯ್' ಉಸಿರು ಚಿಮ್ಮಿ, ಮೇಲಿಂದ ಧಪ್ ಅಂತ ಬೀಳಬೇಕು. 'ನಡಿ!' ಅಂತ ಗದರಿದಂಗೆ."

ಆಮೇಲೆ ಆದದ್ದನ್ನು ಶ್ವೇತಳ ಚೀನೀ ಗುರುಗಳೂ ಕಂಡಿರಲಾರರು. ನಾಲ್ವರು ಹೆಂಗಸರಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಸ್ವರ ಬಂತು. ಸೋಬಾನೆ ಹಾಡುವ ಚಲುವಮ್ಮನ ಬಾಯಲ್ಲಿ ಎಲ್ಲವೂ ಎತ್ತರದಲ್ಲಿ ನೆಟ್ಟಗೆ ನಿಂತವು. ಕಿವಿ ಮಂದವಾದ ಕುಳ್ಳಮ್ಮ ಹುಟ್ಟಿದಾಗಿನಿಂದ "ಆ?" ಎಂದು ಕೇಳುತ್ತಲೇ ಇದ್ದವಳು, ಅವಳಿಗೆ ಎರಡನೆಯದು ಬಿಟ್ಟು ಬೇರೆ ಬರಲಿಲ್ಲ. ಅರ್ಪಿತಳ ದನಿ ಯಾವತ್ತೂ ನೆಲ ಬಿಟ್ಟು ಎದ್ದದ್ದಿಲ್ಲ. ಅವಳ ಮೂರನೆಯದು ಕೇಳಿ ಶ್ವೇತ ಬೆರಗಾದಳು. ನಾಲ್ಕನೆಯದಕ್ಕೆ ದೊಡ್ಡತಾಯಮ್ಮ ಬಾಯಿ ತೆರೆದರೆ ಸಾಕು.

ಸೋಮವಾರ ಶ್ವೇತ ಪರೀಕ್ಷೆಗೆಂದು ಬೆಂಗಳೂರಿಗೆ ಹೋಗಿದ್ದಳು. ಲಿನ್ ಕಾರಿನಿಂದಿಳಿದಾಗ ನಾಲ್ವರೂ ಸಾಲಾಗಿ ನಿಂತರು.

"ಥಾ," ಎಂದಳು ಚಲುವಮ್ಮ.

"ಲಾಯ್?" ಎಂದಳು ಕುಳ್ಳಮ್ಮ.

"ಮಾಯ್," ಎಂದಳು ಅರ್ಪಿತ ನೆಲ ನೋಡುತ್ತ.

"ತ್ಸಾಯ್!" ಎಂದು ದೊಡ್ಡತಾಯಮ್ಮ ಗುಡುಗಿದಳು.

ಲಿನ್‌ಗೆ ಪೂರ್ತಿ ಅರ್ಥವಾಯಿತು. ಹಿಂತಿರುಗಿ ಗೇಟಿನ ಕಡೆ ನೋಡಿದ, ತರಕಾರಿ ಕೊಳ್ಳಲು ಯಾರು ಬರುತ್ತಿದ್ದಾರೆ ಎಂದು. ಯಾರೂ ಬರಲಿಲ್ಲ. ಅವನು ಮರ್ಯಾದೆಗೆಂದು ಇನ್ನೂ ಸ್ವಲ್ಪ ಹೊತ್ತು ಕಾದ.

"ನಾಕು ಜನುಕ್ಕೆ ಒಂದು ಮಿಶನ್ನು ಎಂಗೆ ಕೊಡಾನ?" ಹೊನ್ನಪ್ಪ ತಲೆ ಕೆರೆದುಕೊಂಡ. "ಬುಧವಾರದೊಳಗೆ ಒಬ್ರೇ ನಾಕೂ ಹೇಳ್ಬೇಕು ಕಣ್ರಮ್ಮ."

ಅರ್ಪಿತ ಎಳೆ ಸುತ್ತುತ್ತ ಚಲುವಮ್ಮನ 'ಥಾ' ಕದ್ದಳು. ಊಟದ ಹೊತ್ತಿಗೆ ಕುಳ್ಳಮ್ಮನ 'ಲಾಯ್' ಕದ್ದಳು. 'ತ್ಸಾಯ್' ಮಾತ್ರ ಬೀಳಲೊಲ್ಲದು. ಹುಟ್ಟಿದಾಗಿನಿಂದ ಯಾರನ್ನೂ ಗದರಿದವಳಲ್ಲ.

"ಯಾರ್ನಾರ ಬಯ್ಯೆ ಅಮ್ಮಿ, ತಾನೇ ಬತ್ತದೆ. ನನ್ನೇ ಬಯ್ಯಿ," ಎಂದಳು ದೊಡ್ಡತಾಯಮ್ಮ.

"ನಿಮ್ಮನ್ನ ಏನಂತ ಬಯ್ಯಾನ ಅಕ್ಕ?"

"ನೂರೆಂಟು ಅವೆ. ಸೆರಗು ನೆಟ್ಟಗೆ ಸಿಗಿಸ್ಕಳಲ್ಲ ಅಂತ ಹೊನ್ನಪ್ಪ ದಿನಾ ಉಗಿತನಲ್ಲ, ಅಂಗೆ ಉಗಿ."

ಅರ್ಪಿತಳಿಗೆ ಆಗಲಿಲ್ಲ. ಮನೆಗೆ ಹೋಗಿ ಹಿತ್ತಲ ಕೋಳಿಯ ಮೇಲೆ ಪ್ರಯತ್ನಿಸಿದಳು. "ತ್ಸಾಯ್" ಎಂದದ್ದು ಕೇಳಿ, ಕಾಳು ಹಾಕುತ್ತಾಳೆಂದು ಕೋಳಿ ಹತ್ತಿರ ಬಂತು.

ಬುಧವಾರ ಯಂತ್ರ ಓಡಿತು. ಗೂಡಿನ ಬುಟ್ಟಿ ಹೊತ್ತ ಸರಪಳಿ ಗರಗರ ಸುತ್ತುತ್ತಿತ್ತು. ಲಿನ್ ಆಚೆ ತುದಿಯಲ್ಲಿ ಬೆನ್ನು ತಿರುಗಿಸಿ, ಯಂತ್ರ ನಿಲ್ಲಿಸುವ ಕೆಂಪು ಗುಂಡಿಯ ಪಕ್ಕದಲ್ಲಿ ನಿಂತು ಏನೋ ಬರೆದುಕೊಳ್ಳುತ್ತಿದ್ದ. ಮೂರು ದಿನ ಈ ಹೆಂಗಸರ ಕೂಗು ಕೇಳಿ ಕೇಳಿ, ಕನ್ನಡವೂ ಯಂತ್ರದ ಸದ್ದಿನಲ್ಲಿ ಒಂದು ಎಂದು ಅವನ ಕಿವಿ ಕೇಳುವುದನ್ನೇ ಬಿಟ್ಟಿತ್ತು.

ದೊಡ್ಡತಾಯಮ್ಮ ಬಗ್ಗಿ ನೋಡಿದಳು. ಸೆರಗು ಜಾರಿ ಸರಪಳಿಗೆ ಸಿಕ್ಕಿತು.

"ನಿಲ್ಸಿ! ನಿಲ್ಸ್ರೋ!" ದೊಡ್ಡತಾಯಮ್ಮ ಕೂಗಿದಳು. ಚಲುವಮ್ಮ ಕೂಗಿದಳು. ಕುಳ್ಳಮ್ಮ "ಆ?" ಎಂದಳು. ಹೊನ್ನಪ್ಪ ಅಂಗಳದ ಆಚೆಯಿಂದ ಓಡಿ ಬರಬೇಕಿತ್ತು. ಲಿನ್ ಬರೆಯುತ್ತಲೇ ಇದ್ದ. ಸೆರಗು ಒಂದೊಂದೇ ಗೇಣು ಒಳಗೆ ಹೋಯಿತು.

ಅರ್ಪಿತಳಿಗೆ ಗೊತ್ತಿದ್ದ ಚೀನೀ ಭಾಷೆ ಒಂದೇ ವಾಕ್ಯ. ಅವಳು ಎದ್ದು ನಿಂತು, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಹಾಕಿ ಚೀರಿದಳು:

"ಥಾ ಲಾಯ್ ಮಾಯ್ ತ್ಸಾಯ್!"

ಥಾ ಎತ್ತರದಲ್ಲಿ ಬಿಗಿಯಾಗಿ ನಿಂತಿತು, ಲಾಯ್ ಏರಿತು, ಮಾಯ್ ನೆಲ ಹಿಡಿಯಿತು, ತ್ಸಾಯ್ ಕೊಡಲಿ ಏಟಿನಂತೆ ಬಿತ್ತು. ತನ್ನ ಭಾಷೆ ಕೇಳಿ ಲಿನ್ ಗಕ್ಕನೆ ತಿರುಗಿದ. ತರಕಾರಿಯವನು ಕಾಣಲಿಲ್ಲ, ಸೆರಗು ಕಂಡಿತು. ಗುಂಡಿ ಗುದ್ದಿದ.

ಯಂತ್ರ ನಿಂತಿತು. ದೊಡ್ಡತಾಯಮ್ಮ ಅರ್ಧ ಸೀರೆಯಲ್ಲಿ, ಪೂರ್ತಿ ಜೀವದಲ್ಲಿ ನೆಲದ ಮೇಲೆ ಕೂತಿದ್ದಳು. ಚಲುವಮ್ಮ ನೀಲಿ ಟಾರ್ಪಾಲು ತಂದು ಅವಳಿಗೆ ಹೊದಿಸಿದಳು.

ಲಿನ್ ಅರ್ಪಿತಳ ಹತ್ತಿರ ಬಂದು, ಬೆವರು ಒರೆಸಿಕೊಳ್ಳುತ್ತ ಗಂಭೀರವಾಗಿ ಏನೋ ಕೇಳಿದ. ಹೊನ್ನಪ್ಪ ಫೋನಿನಲ್ಲಿ ಶ್ವೇತಳನ್ನು ಹಿಡಿದು ಲಿನ್‌ನ ಬಾಯಿಗೆ ಒಡ್ಡಿದ.

"ಅವನು ಯಾವ ತರಕಾರಿ ಕೊಳ್ತಾನೆ ಅಂತ ಕೇಳ್ತಿದ್ದಾರೆ," ಎಂದಳು ಶ್ವೇತ. "ಸೋಮವಾರದಿಂದ ಅದೇ ಯೋಚನೆಯಂತೆ."

"ಬದ್ನೆಕಾಯಿ ಅನ್ನೆ ಅಮ್ಮಿ!" ದೊಡ್ಡತಾಯಮ್ಮ ಟಾರ್ಪಾಲಿನ ಒಳಗಿಂದ ಗದರಿದಳು.

"ಛ್ಯೆ-ತ್ಸ," ಎಂದು ಶ್ವೇತ ಹೇಳಿಕೊಟ್ಟಳು. "ಮೊದಲನೇದು ಕೇಳೋ ಹಂಗೆ ಏರಬೇಕು. ಎರಡನೇದಕ್ಕೆ ಸ್ವರವೇ ಇಲ್ಲ, ಹಗುರವಾಗಿ ಮುಟ್ಟಿ ಬಿಡು."

ಅರ್ಪಿತ ಕುಳ್ಳಮ್ಮನ ಮುಖ ನೋಡಿದಳು.

"ಆ?" ಎಂದಳು ಕುಳ್ಳಮ್ಮ.

ಅದನ್ನೇ ಹಿಡಿದು ಅರ್ಪಿತ ಹೇಳಿದಳು. ಲಿನ್ ಸಮಾಧಾನದಿಂದ ತಲೆಯಾಡಿಸಿ, ಯಂತ್ರದ ಮುಂದಿನ ಕುರ್ಚಿಯನ್ನು ಕೈಯಲ್ಲಿ ಒರೆಸಿ ಅವಳ ಕಡೆ ಎಳೆದ. ಹೊನ್ನಪ್ಪನೂ ಕೂತ್ಕೊ ಎಂದು ಕೈ ತೋರಿಸಿದ. ಅರ್ಪಿತ ಕೂತಳು, ಆಮೇಲೆ ದೊಡ್ಡತಾಯಮ್ಮನ ಕಡೆ ತಿರುಗಿ, ಜೀವಮಾನದಲ್ಲಿ ಮೊದಲ ಸಲ ಗದರಿದಳು:

"ನಾಳೆಯಿಂದ ಸೆರಗು ಸಿಗಿಸ್ಕಂಡ್ ಬನ್ನಿ!"