ಎದುರಾಳಿಯ ಮಾತು

೧೯೭೮ರಲ್ಲಿ ಖಾನಾಪುರದಿಂದ ಬೆಳಗಾವಿಗೆ ಇಬ್ಬರಿಗೆ ಬಸ್ಸು ಮೂರು ರೂಪಾಯಿ, ಚಹಾ ಎಂಟಾಣೆ. ಇಂಗ್ಲಿಷ್ ಚರ್ಚಾಸ್ಪರ್ಧೆಯ ಕಪ್ ಗೆದ್ದರೆ ಈ ಖರ್ಚು ಸಾಲೆಯದು, ಸೋತರೆ ಚನ್ನಬಸಯ್ಯ ಮಾಸ್ತರರದು.

“ಅನ್ವರಿ, ಮೊದಲ ಎದುರಿನವ್ರು ಏನಂದ್ರು ಅನ್ನೂದನ್ನ ಚಂದಾಗಿ ಹೇಳು. ಆಮ್ಯಾಲೆ ‘ಹೌಎವರ್’ ಅಂದು ನಿನ್ನ ಕಾರಣ ಕೊಡು. ಕಡೀಕ ‘ದೇರ್‌ಫೋರ್’,” ಎಂದು ಅವರು ತಮ್ಮ ವಿದ್ಯಾರ್ಥಿನಿಗೆ ದಾರಿಯುದ್ದಕ್ಕೂ ಕಲಿಸಿದರು. ಅನ್ವರಿಗೆ ಬಸ್ಸಿನಲ್ಲಿ ಹೊಟ್ಟೆ ತೊಳಸುತ್ತಿತ್ತು.

ವಿಷಯ, ಬಸ್ಸಿಗಿಂತ ರೈಲು ಮೇಲು. ಪರವಾಗಿ ನಿಂತ ಟಿಳಕವಾಡಿಯ ಹುಡುಗ “ಟ್ರೇನ್ ಈಸ್ ಬೆಟರ್” ಎಂದು, ಮುಂದಿನದು ಮರೆತು ಕುಳಿತ.

ವಿರೋಧವಾಗಿ ಮಾತಾಡಬೇಕಿದ್ದ ಅನ್ವರಿಗೆ ಖಂಡಿಸಲು ಏನೂ ಉಳಿಯಲಿಲ್ಲ. ಆದರೂ ಅವಳು ಮಾಸ್ತರರು ಕಲಿಸಿದ ಕ್ರಮ ಬಿಡಲಿಲ್ಲ. “ಮೈ ಅಪೋನೆಂಟ್ ಸೇಸ್” ಎಂದು ಶುರು ಮಾಡಿ, ರೈಲಿನ ಟಿಕೇಟು ಅಗ್ಗ, ಜಾಗ ಹೆಚ್ಚು, ಹೊಟ್ಟೆ ತೊಳಸುವುದಿಲ್ಲ ಎಂದು ಅವನ ಪರವಾಗಿ ವಿವರವಾಗಿ ಹೇಳಿದಳು. “ಹೌಎವರ್” ಎನ್ನುವಷ್ಟರಲ್ಲಿ ಸಮಯ ಮುಗಿದ ಗಂಟೆ ಬಡಿಯಿತು.

“ಹುಡುಗನ ವಾದ ಗಟ್ಟಿ ಐತಿ. ಅದಕ್ಕ ಉತ್ತರನ ಬರಲಿಲ್ಲ,” ಎಂದು ನಿರ್ಣಾಯಕರು ಅವನಿಗೇ ಕಪ್ ಕೊಟ್ಟರು.

“ಆ ವಾದ ನಂದರೀ ಸರ್,” ಎಂದಳು ಅನ್ವರಿ.

“ಅದಕ್ಕ ಗಟ್ಟಿ ಐತಿ, ತಂಗಿ,” ಎಂದರು ಮಾಸ್ತರರು.

ಕಪ್ ಹೋಯಿತು, ಮಾಸ್ತರರ ಮೂರೂವರೆ ರೂಪಾಯಿಯೂ ಹೋಯಿತು. ಮರಳುವಾಗ ಇಬ್ಬರೂ ರೈಲಿನಲ್ಲಿ ಬಂದರು. ಒಂದು ರೂಪಾಯಿ ಉಳಿಯಿತು, ಹೊಟ್ಟೆ ತೊಳಸಲಿಲ್ಲ.