ಗುಬ್ಬಿಗೆ ಕಲಿಸದ ಒಂದು ಮಾತು

ಹದಿನೆಂಟು ಮಕ್ಕಳ ಹದಿನೆಂಟು ಹಾಳೆಗಳನ್ನು ಶಿಶುವಿಹಾರದ ಟೀಚರ್ ಮೂರು ಸಲ ತಿದ್ದಿ ಬರೆದಿದ್ದಳು. ಸಂಜೆ ಕಾಲೇಜಿನಲ್ಲಿ ಓದಿ ಈ ಕೆಲಸಕ್ಕೆ ಬಂದವಳು. ಹಗಲು ಓದಿದವರಿಗೆ ಗೊತ್ತಿರುವುದು ಏನೋ ಒಂದು ತನಗೆ ತಪ್ಪಿಹೋಗಿದೆ ಎಂಬ ಅಳುಕು ಅವಳಿಗೆ ಇದ್ದೇ ಇತ್ತು.

ಮಗು ಒಂದನೇ ತರಗತಿಗೆ ಸಿದ್ಧವೇ ಎಂದು ನೋಡುವ ಹಾಳೆ ಅದು. ಸರದಿಗಾಗಿ ಕಾಯುತ್ತದೆಯೇ? ಒಟ್ಟಿಗೆ ಹೇಳಿದ ಎರಡು ಕೆಲಸ ನೆನಪಿಟ್ಟು ಮಾಡುತ್ತದೆಯೇ? ಅಮ್ಮ ಹೋದಮೇಲೆ ಸಮಾಧಾನಕ್ಕೆ ಬರುತ್ತದೆಯೇ? ತಾನೇ ಶೌಚಾಲಯಕ್ಕೆ ಹೋಗಿಬರುತ್ತದೆಯೇ? ಈ ಕೊನೆಯದಕ್ಕೆ ಎಲ್ಲ ಹಾಳೆಯಲ್ಲೂ ‘ಹೌದು’ ಎಂದು ಕಣ್ಣು ಮುಚ್ಚಿ ಗುರುತು ಹಾಕಿದ್ದಳು. ತಲೆಕೆಡಿಸಿಕೊಳ್ಳಬೇಕಾಗಿಲ್ಲದ ಪ್ರಶ್ನೆ ಅದೊಂದೇ ಅನ್ನಿಸಿತ್ತು.

ಮಕ್ಕಳನ್ನು ದೊಡ್ಡ ಶಾಲೆ ತೋರಿಸಲು ಕರೆದುಕೊಂಡು ಹೋದ ದಿನ ಅದೇ ಕೈಕೊಟ್ಟಿತು. ಒಂದನೇ ತರಗತಿಯ ಮೇಷ್ಟ್ರು ಹಾಡು ಹೇಳಿಸುತ್ತಿದ್ದರು. ಗುಬ್ಬಿ ಎಂದು ಎಲ್ಲರೂ ಕರೆಯುವ ಹುಡುಗಿ ಬೆಂಚಿನ ತುದಿಯಲ್ಲಿ ಕಾಲಿಗೆ ಕಾಲು ಹೆಣೆದು ಕೂತಿದ್ದಳು. ಸ್ವಲ್ಪ ಹೊತ್ತಿಗೆ ಬೆಂಚಿನ ಕೆಳಗೆ ನೆಲ ಒದ್ದೆಯಾಯಿತು. ಗುಬ್ಬಿ ಅಳಲಿಲ್ಲ, ಅಮ್ಮ ಬರುವವರೆಗೂ ಬೆಂಚು ಬಿಟ್ಟು ಏಳಲಿಲ್ಲ.

ಮರುದಿನ ಬೆಳಿಗ್ಗೆ, ಹೊಲಿಗೆ ಅಂಗಡಿಗೆ ಹೊರಟಿದ್ದ ಗುಬ್ಬಿಯ ಅಮ್ಮ ಕುತ್ತಿಗೆಯಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಶಿಶುವಿಹಾರದ ಒಳಗೆ ಬಂದಳು.

“ಟೀಚರಕ್ಕಾ, ಇವ್ಳು ಇನ್ನೊಂದ್ ವರ್ಷ ನಿಮ್ ಹತ್ರಾನೇ ಇರ್ಲಿ.”

“ಯಾಕಮ್ಮಾ? ಬೇರೆ ಎಲ್ಲಾದ್ರಲ್ಲೂ ಮುಂದಿದಾಳಲ್ಲ!”

“ಎಲ್ಲಾ ಇದ್ದೇನು? ಎಲ್ಲರ ಮುಂದೆ ಹಿಂಗಾಯ್ತಲ್ಲ. ರಾತ್ರಿಯೆಲ್ಲಾ ‘ಆ ಸ್ಕೂಲ್ ಬೇಡ’ ಅಂತ ಒಂದೇ ರಾಗ. ಶುಕ್ರವಾರ ಸಭೆ ಇದ್ಯಲ್ಲ, ಕಾಗದ ಬರ್ದು ಅಲ್ಲೇ ಕೊಡ್ತೀನಿ.”

ಟೀಚರ್ ಹಿಂದಕ್ಕೆ ತಿರುಗಿ ಮಗುವನ್ನು ನೋಡಿದಳು. ಗುಬ್ಬಿ ಬಣ್ಣದ ಡಬ್ಬ ಕೆಳಗಿಟ್ಟು, ಎದ್ದು, ಕೋಣೆಯ ಮೂಲೆಯಲ್ಲಿದ್ದ ಶೌಚಾಲಯಕ್ಕೆ ಸೀದಾ ಹೋದಳು. ನೀರು ಸುರಿದ ಸದ್ದು. ಕೈ ತೊಳೆದು ಬಂದು ಮತ್ತೆ ಬಣ್ಣ ಹಚ್ಚತೊಡಗಿದಳು.

ಟೀಚರಿಗೆ ಆಗ ಹೊಳೆಯಿತು. ಇಲ್ಲಿ ಯಾರೂ ಯಾರನ್ನೂ ಕೇಳಬೇಕಾಗಿಯೇ ಇರಲಿಲ್ಲ. ದೊಡ್ಡ ಶಾಲೆಯಲ್ಲಿ ಶೌಚಾಲಯ ಅಂಗಳದಾಚೆ. ಮೇಷ್ಟ್ರನ್ನು ಕೇಳಿ, ಹೊರಗೆ ದಾಟಿ ಹೋಗಬೇಕು. ಎರಡು ವರ್ಷದಲ್ಲಿ ಈ ಹದಿನೆಂಟು ಮಕ್ಕಳಲ್ಲಿ ಒಬ್ಬರಿಗೂ ‘ಒಂದಕ್ಕೆ ಹೋಗಿ ಬರಲೇ’ ಎಂಬ ಮಾತನ್ನು ಅವಳು ಕಲಿಸಿರಲಿಲ್ಲ!

ಮಧ್ಯಾಹ್ನವೇ ಮೇಷ್ಟ್ರ ಬಳಿ ಹೋದಳು. “ಸರ್, ನನ್ ಹಾಳೆ ತಪ್ಪು. ಹದಿನೆಂಟೂ ತಪ್ಪು. ಒಂದಕ್ಕೆ ಹೋಗ್ಬೇಕಾದ್ರೆ ಕೇಳ್ಬೇಕು ಅಂತ್ಲೇ ನಾನು ಕಲಿಸಿಲ್ಲ.”

ಮೇಷ್ಟ್ರು ಕನ್ನಡಕ ಹಣೆಗೇರಿಸಿದರು. “ಅಯ್ಯೋ ಕೂತ್ಕೊಳಮ್ಮ, ನೀರು ಕುಡಿ. ಪ್ರತಿ ವರ್ಷ ಮೊದಲ್ನೇ ವಾರ ನಾನು ನೆಲ ಒರೆಸೋದೇ ಆಯ್ತು. ಮಕ್ಕಳಿಗೆ ಹೆದರಿಕೆ ಅಂದ್ಕೊಂಡಿದ್ದೆ. ನಾನಾದ್ರೂ ಕೇಳ್ಬೇಕಿತ್ತಲ್ವಾ ನಿನ್ನ?”

ಇಬ್ಬರೂ ಕೂತು ಒಂದು ಯೋಜನೆ ಹಾಕಿದರು. ಒಂದು ಕೆಂಪು ರಟ್ಟಿನ ಚೀಟಿ: ಗೋಡೆಯ ಮೊಳೆಯಿಂದ ತೆಗೆದು ಮೇಷ್ಟ್ರಿಗೆ ತೋರಿಸಿ ಹೇಳುವುದು, ಹೋಗುವುದು, ಬಂದು ಮತ್ತೆ ನೇತುಹಾಕುವುದು. ಮಾತು ಬಾಯಿಗೆ ಬಾರದಿದ್ದರೆ ತೋರಿಸಿದರೂ ಸಾಕು. ಅಂಥದ್ದೇ ಚೀಟಿ ಶಿಶುವಿಹಾರದಲ್ಲಿ ಈಗಿನಿಂದಲೇ. ಮಕ್ಕಳು ಇನ್ನೂ ಎರಡು ಸಲ ಬಂದು ಅಂಗಳ ದಾಟಿ ನೋಡಬೇಕು. ಮೊದಲ ವಾರ ಅರ್ಧ ದಿನ ಮಾತ್ರ ಶಾಲೆ, ನಡುವೆ ಎರಡು ಸಲ ಎಲ್ಲರನ್ನೂ ಒಟ್ಟಿಗೆ ಕರೆದೊಯ್ಯುವುದು.

ಶುಕ್ರವಾರದ ಸಭೆಯಲ್ಲಿ ಟೀಚರ್ ಹಾಳೆಗಳನ್ನು ಮೇಜಿನ ಮೇಲಿಟ್ಟು ಎದ್ದು ನಿಂತಳು. ಅಕ್ಷರ ಎಷ್ಟು ಬರಬೇಕು ಎಂದೇ ತಂದೆತಾಯಂದಿರ ಪ್ರಶ್ನೆ.

“ಅಕ್ಷರ ಅಲ್ಲಿ ಕಲಿಸ್ತಾರೆ,” ಎಂದಳು. “ಬೇಕಾದ್ದನ್ನ ದೊಡ್ಡವರ ಹತ್ರ ಕೇಳೋದು ಬರ್ಬೇಕು. ಅದನ್ನ ನಾನೇ ಕಲಿಸಿರ್ಲಿಲ್ಲ. ಮೊನ್ನೆ ನೆಲ ಒದ್ದೆಯಾಗಿದ್ದು ಮಗುವಿನ ತಪ್ಪಲ್ಲ, ನನ್ನದು.”

ಮಗುವನ್ನು ಶಾಲೆಗೆ ಬಿಡುವಾಗ ಕದ್ದು ಹೋಗಬೇಡಿ, ‘ಊಟದ ಹೊತ್ತಿಗೆ ಬರ್ತೀನಿ’ ಅಂತ ಹೇಳಿ ಹೋಗಿ, ಹೇಳಿದ ಹೊತ್ತಿಗೇ ಬನ್ನಿ ಎಂಬುದನ್ನೂ ಅವಳು ತಡವರಿಸುತ್ತ ಹೇಳಿದಳು. ಗುಬ್ಬಿಯ ಅಮ್ಮ ಬರೆದು ತಂದಿದ್ದ ಕಾಗದವನ್ನು ಕೊಡಲಿಲ್ಲ, ಹರಿಯಲೂ ಇಲ್ಲ; ಮಡಿಸಿ ಚೀಲಕ್ಕೆ ಹಾಕಿಕೊಂಡಳು. “ಮೊದಲ್ನೇ ದಿನ ನೋಡ್ತೀನಿ ಅಕ್ಕಾ.”

ದೊಡ್ಡ ಶಾಲೆಯ ಮೊದಲ ದಿನ ಶಿಶುವಿಹಾರ ಇನ್ನೂ ತೆರೆದಿರಲಿಲ್ಲ. ಟೀಚರ್ ಬಂದು ಒಂದನೇ ತರಗತಿಯ ಕಿಟಕಿಯ ಬಳಿ ನಿಂತಳು. ಪಕ್ಕದಲ್ಲಿ, ‘ಊಟದ ಹೊತ್ತಿಗೆ ಬರ್ತೀನಿ’ ಎಂದು ಹೇಳಿಯೂ ಹೋಗದೆ ಅವಿತು ನಿಂತ ಗುಬ್ಬಿಯ ಅಮ್ಮ.

“ಇದೇನಮ್ಮಾ, ಹೇಳಿ ಹೋಗು ಅಂದಿದ್ದು, ಹೇಳಿ ಅವಿತ್ಕೋ ಅಂತಲ್ಲ.”

“ಶ್, ನೀವು ಮಾತ್ರ?”

ಒಳಗೆ ಗುಬ್ಬಿ ಕಾಲಿಗೆ ಕಾಲು ಹೆಣೆದಳು. ಅಮ್ಮನ ಕೈ ಕಿಟಕಿಯ ಸರಳನ್ನು ಬಿಗಿಹಿಡಿಯಿತು. ಗುಬ್ಬಿ ಎದ್ದಳು, ಮೊಳೆಯಿಂದ ಚೀಟಿ ತೆಗೆದಳು, ಮೇಷ್ಟ್ರ ಮೂಗಿನ ಹತ್ತಿರವೇ ಹಿಡಿದಳು.

“ಒಂದಕ್ಕೆ ಹೋಗ್ಬರ್ತೀನಿ.”

“ಹೋಗ್ ಬಾ ತಾಯಿ.”

ಅಂಗಳ ದಾಟಿ ಹೋಗಿ, ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಬಂದವಳು ಚೀಟಿಯನ್ನು ನೇತುಹಾಕಿ, ಮೇಷ್ಟ್ರ ಕಡೆ ತಿರುಗಿದಳು. “ನೀವು ಹೋಗೋದಾದ್ರೂ ಇದನ್ನ ತಗೊಂಡೇ ಹೋಗ್ಬೇಕು.”

ಮೇಷ್ಟ್ರ ನಗು ಕಿಟಕಿಯಾಚೆಗೂ ಕೇಳಿಸಿತು. ಗುಬ್ಬಿಯ ಅಮ್ಮ ಮಡಿಸಿದ ಕಾಗದವನ್ನು ಚೀಲದಿಂದ ತೆಗೆದು ಟೀಚರಿನ ಕೈಗಿಟ್ಟಳು.

“ನೀವೇ ಹರಿದ್ಹಾಕಿ ಅಕ್ಕಾ. ನಂಗೆ ಅಂಗಡಿಗೆ ಹೊತ್ತಾಯ್ತು.”