ಮನೆ ಫೋನಿಗೆ ಬಂದ ಆಫರ್

ತೇಜಸ್ವಿನಿ ಮೆಟ್ಟಿಲು ಹತ್ತಿ ಬಂದ ರಭಸಕ್ಕೇ ಸಂಘಮಿತ್ರಾಳಿಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಶಿರಾದ ಬಸ್‌ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿರುವ ಅವಳ ಬ್ಯೂಟಿ ಪಾರ್ಲರಿಗೆ ಬರುವವರು ಸಾಮಾನ್ಯವಾಗಿ ನಗುತ್ತಲೇ ಬರುತ್ತಾರೆ. ಈಕೆ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು.

"ಏನಕ್ಕ, ನಂಗೆ ಮೆಸೇಜು ಬ್ಯಾಡ ಅಂದಿರ್ಲಿಲ್ವಾ? ಕೂದ್ಲು ಉದುರೋದಕ್ಕೆ ಆಫರ್ ಅಂತ ಮನೆ ಫೋನಿಗೆ ಬಂದೈತೆ. ಪಾಪು ಕಾರ್ಟೂನ್ ನೋಡ್ತಿತ್ತು, ಅದ್ರ ಮ್ಯಾಲೇ ಬಂದು ಕೂತ್ಕೊಂತು. ಅತ್ತೆ ಅವತ್ತಿಂದ ನನ್ನ ಮುಖನೇ ನೋಡ್ತಿಲ್ಲ."

ಹೆರಿಗೆಯಾದ ಮೇಲೆ ಈ ಹುಡುಗಿಯ ಕೂದಲು ಕೈತುಂಬ ಉದುರತೊಡಗಿತ್ತು. ಸಂತೆ, ಆಸ್ಪತ್ರೆ ಅಂತ ನೆಪ ಹೇಳಿ ಬುಕ್ಕಾಪಟ್ಟಣದಿಂದ ಕದ್ದು ಬರುತ್ತಿದ್ದಳು. ಮನೆಯಲ್ಲಿ ಗಂಡನದೊಂದು ಫೋನು, ಉಳಿದವರಿಗೆಲ್ಲ ಸೇರಿ ಇನ್ನೊಂದು. ನಂಬರ್ ಕೇಳಿದಾಗ ಆ ಎರಡನೆಯದನ್ನೇ ಬರೆಸಿದ್ದಳು. ಆಫರ್ ಕಳಿಸಲಾ ಎಂದು ಕೇಳಿದಾಗ ಬೇಡವೇ ಬೇಡ ಅಂದಿದ್ದಳು. ಹೂಂ ಅಂದವರ ಹೆಸರಿನ ಮುಂದೆ ಮಾತ್ರ ಗುರುತು ಹಾಕುವುದು, ಅವರನ್ನಷ್ಟೇ ವಾಟ್ಸಾಪಿನಲ್ಲಿ ಒಟ್ಟಿಗೆ ಮೆಸೇಜು ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟಿಗೆ ಸೇರಿಸುವುದು ಸಂಘಮಿತ್ರಾಳ ಪದ್ಧತಿ. ಎಷ್ಟೋ ಹೆಂಗಸರು ಆ ಒಂದು ನಂಬಿಕೆಯ ಮೇಲೇ ಆ ಮೆಟ್ಟಿಲು ಹತ್ತುತ್ತಿದ್ದರು. ಅದು ಹೋದರೆ ಪಾರ್ಲರಿನ ಬಾಗಿಲು ಹಾಕಿದ ಹಾಗೆಯೇ.

ಅವಳಿಗೆ ಇನ್ನೊಂದು ಅನುಮಾನವೂ ಹೊಕ್ಕಿತು. ಪಾರ್ಲರಿನ ನಂಬರನ್ನು ಸೇವ್ ಮಾಡಿಕೊಳ್ಳದ ಫೋನಿಗೆ ಬ್ರಾಡ್‌ಕಾಸ್ಟ್ ತಲುಪುವುದೇ ಇಲ್ಲ. ಕದ್ದು ಬರುವ ತೇಜಸ್ವಿನಿಯಂತೂ ಸೇವ್ ಮಾಡಿರಲಿಕ್ಕಿಲ್ಲ. ಹಾಗಾದರೆ ಯಾರೋ ಬೇಕೆಂದೇ ಆ ನಂಬರಿಗೆ ಬೇರೆಯಾಗಿ ಕಳಿಸಿರಬೇಕು. ಯಾರು? ಕೆಲಸದ ಪ್ರಿಯಾಂಕ ಬಿಟ್ಟರೆ ಪಾರ್ಲರಿನ ಫೋನು ಮುಟ್ಟುವವರಿಲ್ಲ. ಸಂಬಳ ಜಾಸ್ತಿ ಮಾಡಿ ಎಂದು ಮೊನ್ನೆಯಷ್ಟೇ ಮುಖ ಊದಿಸಿಕೊಂಡಿದ್ದಳು. ಎದುರು ಬೀದಿಯಲ್ಲಿ ಹೊಸ ಪಾರ್ಲರ್ ಬೇರೆ ತೆರೆದಿದೆ. ಸಂಘಮಿತ್ರಾ ಮನಸ್ಸಿನಲ್ಲೇ ಕತೆ ಪೂರ್ತಿ ಕಟ್ಟಿ ಮುಗಿಸಿದಳು.

ತೇಜಸ್ವಿನಿಯನ್ನು ಕುರ್ಚಿಯಲ್ಲಿ ಕೂರಿಸಿ ಪ್ರಿಯಾಂಕಳನ್ನು ಒಳಕೋಣೆಗೆ ಕರೆದೊಯ್ದಳು. "ಲಿಸ್ಟು ತೆಗಿ. ಈ ನಂಬರ್ ಹೆಂಗೆ ಸೇರ್ತು?"

ಪ್ರಿಯಾಂಕ ಲಿಸ್ಟು ತೆರೆದಳು. ನಂಬರ್ ಇತ್ತು. ಹೆಸರು ತೇಜಸ್ವಿನಿಯದಲ್ಲ, ಮುನಿಯಮ್ಮನದು.

"ಇದು ಅವ್ಳತ್ತೆ ಹೆಸ್ರಲ್ವೇ?" ತೇಜಸ್ವಿನಿಯ ಬಾಯಲ್ಲಿ ಆ ಹೆಸರನ್ನು ಸಂಘಮಿತ್ರಾ ಕೇಳಿದ್ದಳು.

"ನೀವು ಸಾಮಾನು ತರಕ್ಕೆ ತುಮಕೂರಿಗೆ ಹೋಗಿದ್ದಾಗ ಆಯಮ್ಮ ಬಂದಿದ್ರು ಅಕ್ಕ. ತಲೆಗೆ ಬಣ್ಣ ಹಾಕಿಸ್ಕೋಬೇಕು, ಆಫರ್ ಬಂದ್ರೆ ತಿಳಿಸು ಅಂತ ಅವ್ರೇ ಕೇಳಿದ್ರು. ನಮ್ಮ ನಂಬರ್ನ ನನ್ನ ಮುಂದೇನೇ ಸೇವ್ ಮಾಡ್ಕೊಂಡ್ರು. ಮನೇಲಿ ಯಾರ್ಗೂ ಗೊತ್ತಾಗ್ಬಾರ್ದು ಅಂದ್ರು, ಅದಕ್ಕೇ ನಿಮ್ಗೂ ಹೇಳ್ಲಿಲ್ಲ. ಇಬ್ರುದೂ ಒಂದೇ ನಂಬರ್ ಅಂತ ನಾನು ನೋಡ್ಲಿಲ್ಲ."

ಸಂಘಮಿತ್ರಾಳಿಗೆ ನಾಚಿಕೆಯಾಯಿತು. ಗಿರಾಕಿಯ ವಿಷಯ ಗಿರಾಕಿಯದೇ ಎಂದು ಈ ಹುಡುಗಿಗೆ ಕಲಿಸಿದ್ದು ಅವಳೇ.

ಹೊರಗೆ ಬಂದಳು. ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ನಿಮ್ಮತ್ತೆಯೇ ಕೇಳಿ ಹಾಕಿಸಿಕೊಂಡಿದ್ದಾರೆ ಎಂದುಬಿಟ್ಟರೆ ಸಾಕು, ಪಾರ್ಲರಿನ ಮಾನ ಉಳಿಯುತ್ತದೆ. ಆದರೆ ಮುನಿಯಮ್ಮನ ಗುಟ್ಟು ಬಯಲಾಗುತ್ತದೆ.

"ನಿನ್ನ ಹೆಸ್ರಿಗೆ ಹೋಗಿಲ್ಲಮ್ಮ. ಅದರಲ್ಲಿ ನಿನ್ನ ಸುದ್ದಿನೂ ಇಲ್ಲ, ಎಲ್ರಿಗೂ ಹೋಗಿರೋ ಆಫರ್ ಅದು. ಅದಕ್ಕಿಂತ ಜಾಸ್ತಿ ನಾನು ಹೇಳಂಗಿಲ್ಲ."

"ಹೇಳಂಗಿಲ್ವಾ? ಬುಡಕ್ಕ, ಗೊತ್ತಾಯ್ತು," ಎಂದು ತೇಜಸ್ವಿನಿ ಎದ್ದು ಹೋದಳು.

ಸಂತೆಯ ದಿನ ಸೆರಗು ತಲೆಗೆಳೆದುಕೊಂಡು ಮುನಿಯಮ್ಮ ಬಂದರು. ಬಂದವರೇ ಬಾಗಿಲು ಮುಂದೆ ಮಾಡಿದರು.

"ನನ್ನ ಹೆಸ್ರು ತೆಗೆದ್ಬುಡವ್ವ. ನಮ್ಮ ಸೊಸೆ ಆ ಮೆಸೇಜು ನೋಡ್ಬುಟ್ಟವ್ಳೆ. ಈ ವಯಸ್ನಾಗೆ ಮುದುಕಿಗೆ ಪಾರ್ಲರ್ ಬೇಕಾ ಅಂದ್ಕಂಡಿರ್ತಾಳೆ. ಅವ್ಳ ಮುಖ ನೋಡಕ್ಕೇ ನಂಗೆ ನಾಚ್ಕೆ ಆಯ್ತದೆ."

ಸಂಘಮಿತ್ರಾ ನಗು ತಡೆದುಕೊಂಡಳು. ಅವರ ಕಣ್ಣೆದುರೇ ಹೆಸರನ್ನು ಲಿಸ್ಟಿನಿಂದ ತೆಗೆದಳು. "ಫೋನು ಬೇರೆಯವ್ರೂ ನೋಡ್ತಾರಾ ಅಂತ ಕೇಳದೆ ಇದ್ದದ್ದು ನಮ್ಮ ತಪ್ಪು ಅಮ್ಮ. ಇನ್ಮೇಲೆ ಎಲ್ರನ್ನೂ ಕೇಳ್ತೀವಿ."

ಮುನಿಯಮ್ಮ ಹೊರಡಲಿಲ್ಲ. "ಪಾಪ, ಅವ್ಳ ಕೂದ್ಲು ಬಾಚಣಿಗೆ ತುಂಬ ಉದುರ್ತೈತೆ. ಇಲ್ಲಿಗೆ ಕರ್ಕಂಡು ಬರಾನ ಅಂದ್ರೆ, ನಾನು ಬಂದಿದ್ದು ಗೊತ್ತಾಗ್ತದಲ್ಲ."

ಅವಳು ಆಗಲೇ ಇಲ್ಲಿಗೆ ಬರುತ್ತಾಳೆ ಎಂಬ ಮಾತನ್ನು ಸಂಘಮಿತ್ರಾ ನುಂಗಿಕೊಂಡಳು. "ನೀವೇ ಒಂದು ಮಾತು ಕೇಳಿ ನೋಡಿ ಅಮ್ಮ," ಎಂದಷ್ಟೇ ಅಂದಳು.

ಮುಂದಿನ ಸಂತೆಗೆ ಬಾಗಿಲ ಬಳಿ ಎರಡು ಜೊತೆ ಚಪ್ಪಲಿ ಬಿದ್ದಿದ್ದವು. ಮುನಿಯಮ್ಮ ತಲೆಗೆ ಬಣ್ಣ ಹಚ್ಚಿಸಿಕೊಂಡು ಒಳಗೆ ಕೂತಿದ್ದಾಗ ತೇಜಸ್ವಿನಿ ಮೆಲ್ಲನೆ ಹತ್ತಿರ ಬಂದಳು.

"ಅತ್ತೆನೇ ಕೇಳಿ ಹಾಕಿಸ್ಕೊಂಡಿದ್ದು ಅಂತ ಅವತ್ತೇ ಹೇಳಿದ್ರೆ ನಾನು ನಿಮ್ಮನ್ನ ಅಂಗೆ ಅನುಮಾನ ಪಡ್ತಿರ್ಲಿಲ್ಲ ಕಣಕ್ಕ."

"ನಿನ್ನ ವಿಷಯನೂ ಅವ್ರಿಗೆ ಹೇಳ್ಲಿಲ್ವಲ್ಲ," ಅಂದಳು ಸಂಘಮಿತ್ರಾ.